ಬಿಲ್ಲಿನ ಮೂಲೆಯ ಚೌಕ ಹೇಳುವ ಲೆಕ್ಕ

ಜಿಎಸ್‌ಟಿ ಇ-ಇನ್‌ವಾಯ್ಸ್‌ನ ಕ್ಯೂಆರ್ ಕೋಡ್‌ನಲ್ಲಿ ಮಾರುವವರ ಮತ್ತು ಕೊಳ್ಳುವವರ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ದಿನಾಂಕ, ಒಟ್ಟು ಮೊತ್ತ, ಎಷ್ಟು ಬಗೆಯ ಸರಕು ಎಂಬ ವಿವರಗಳು ಸರ್ಕಾರಿ ಪೋರ್ಟಲ್‌ನ ಡಿಜಿಟಲ್ ಸಹಿಯೊಂದಿಗೆ ಇರುತ್ತವೆ. ಬಿಲ್ಲಿನ ಚಿತ್ರದಿಂದ ಕಂಪ್ಯೂಟರ್ ಓದಿದ ಅಕ್ಷರಗಳನ್ನು ಇದರೊಂದಿಗೆ ತಾಳೆ ನೋಡಬಹುದು.

ಒಂದು ಬಿಲ್ ನೋಡೋಣ. ಚಿತ್ರದಿಂದ ಓದಿದ ಮೊತ್ತ 1,13,000.00, ಕೋಡ್‌ನಲ್ಲಿರುವುದು 118000. ಅಲ್ಪವಿರಾಮ, ಸೊನ್ನೆಗಳ ವ್ಯತ್ಯಾಸ ಬರೀ ಬರವಣಿಗೆಯದು. ಮೊದಲು ಅದನ್ನು ತೆಗೆದುಬಿಡಬೇಕು. ಉಳಿಯುವುದು 8 ಮತ್ತು 3ರ ಜಗಳ. ಸರಕಿನ ಬೆಲೆ 1,00,000, ತೆರಿಗೆ ಶೇ 18. ಕೂಡಿದರೆ 1,18,000. ಮಸುಕಾದ 8 ಯಂತ್ರದ ಕಣ್ಣಿಗೆ 3 ಆಗಿದೆ, ಅಷ್ಟೆ.

ಕಾಗದದಲ್ಲೇ 1,28,000 ಎಂದು ಸ್ಪಷ್ಟವಾಗಿ ಅಚ್ಚಾಗಿದ್ದರೆ ಮಾತು ಬೇರೆ. ನೋಂದಣಿಯಾದ ಮೇಲೆ ಯಾರೋ ಬಿಲ್ ತಿದ್ದಿರಬಹುದು. ಹಣ ಕೊಡುವ ಮೊದಲು ಮಾರಿದವರನ್ನು ಕೇಳಬೇಕು.

ಆದರೆ ಕೋಡ್‌ನಲ್ಲಿ ಪ್ರತಿ ಸರಕಿನ ದರವಾಗಲಿ, ತೆರಿಗೆಯ ವಿಂಗಡಣೆಯಾಗಲಿ ಇಲ್ಲ. ಅವನ್ನು ಕೂಡಿಯೇ ನೋಡಬೇಕು. ಬಿಲ್ ರದ್ದಾಗಿದ್ದರೂ ಹಳೆಯ ಸಹಿ ಸರಿಯೆಂದೇ ತೋರುತ್ತದೆ. ಅದನ್ನು ತಿಳಿಯಲು ಪೋರ್ಟಲ್‌ನಲ್ಲೇ ವಿಚಾರಿಸಬೇಕು.