28 ದಿನದ ತಿಂಗಳು

ಪ್ರೀಪೇಯ್ಡ್ ರೀಚಾರ್ಜ್‌ನಲ್ಲಿ 'ತಿಂಗಳು' ಎಂದರೆ ಹೆಚ್ಚಾಗಿ 28 ದಿನ. 365ನ್ನು 28ರಿಂದ ಭಾಗಿಸಿದರೆ 13ಕ್ಕೂ ತುಸು ಹೆಚ್ಚು. ಅಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಈ ದೂರು ಬಲವಾದ ಮೇಲೆ, 30 ದಿನದ್ದೊಂದು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದದ್ದೊಂದು ಪ್ಲಾನನ್ನಾದರೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2022ರಲ್ಲಿ ಕಂಪನಿಗಳಿಗೆ ಆದೇಶಿಸಿತು. ಆದರೂ ಕಣ್ಣಿಗೆ ಮೊದಲು ಬೀಳುವುದು 28ರ ಪ್ಲಾನೇ.

ಬೆಲೆಯನ್ನು ದಿನಗಳಿಂದ ಭಾಗಿಸಿ, 365ರಿಂದ ಗುಣಿಸಿ, 12ರಿಂದ ಭಾಗಿಸಿದರೆ ನಿಜವಾದ ಮಾಸಿಕ ವೆಚ್ಚ ಸಿಗುತ್ತದೆ. 28 ದಿನಕ್ಕೆ 299 ರೂಪಾಯಿ ಎಂದುಕೊಂಡರೆ ಅದು ಸುಮಾರು 325 ರೂಪಾಯಿ. 84 ದಿನಕ್ಕೆ 859 ಎಂಬುದು ದುಬಾರಿಯಾಗಿ ಕಂಡರೂ ತಿಂಗಳಿಗೆ 311ರಷ್ಟೇ. ಉಳಿತಾಯ 14 ರೂಪಾಯಿ, ಅಂಥ ದೊಡ್ಡದೇನಲ್ಲ. ಅದಕ್ಕಾಗಿ ಮೂರು ತಿಂಗಳ ದುಡ್ಡು ಮುಂಗಡ ಹೋಗುತ್ತದೆ.

ಡೇಟಾದ ಲೆಕ್ಕ ಇನ್ನೂ ಜಾರುವಂಥದ್ದು. ದಿನಕ್ಕೆ 1.5 ಜಿಬಿ ಎಂದರೆ 28 ದಿನಕ್ಕೆ 42 ಜಿಬಿ, ಜಿಬಿಗೆ ಸುಮಾರು 7 ರೂಪಾಯಿ. ಆದರೆ ಬಳಸದೆ ಉಳಿದದ್ದು ಸಾಮಾನ್ಯವಾಗಿ ಮಧ್ಯರಾತ್ರಿಗೆ ಮುಗಿದುಹೋಗುತ್ತದೆ. ದಿನಕ್ಕೆ ಅರ್ಧ ಜಿಬಿ ಮಾತ್ರ ಬಳಸುವವರಿಗೆ ಜಿಬಿಗೆ ಬೀಳುವುದು 21 ರೂಪಾಯಿ.

ಮಿತಿ ದಾಟಿದ ಮೇಲೂ ಕೆಲವು ಪ್ಲಾನ್‌ಗಳಲ್ಲಿ ಇಂಟರ್‌ನೆಟ್ 'ಅನಿಯಮಿತ'. ವೇಗ ಮಾತ್ರ ಬಹುತೇಕ 64 ಕೆಬಿಪಿಎಸ್. ಆ ವೇಗದಲ್ಲಿ 5 ಎಂಬಿಯ ಒಂದು ಫೋಟೊ ಇಳಿಯಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಅಕ್ಷರದ ಸಂದೇಶ ಹೋದೀತು, ವಿಡಿಯೊ ಓಡದು. ಹಾಗಾಗಿ ಅದನ್ನು ಡೇಟಾ ಎಂದು ಲೆಕ್ಕಕ್ಕೆ ಹಿಡಿಯದೆ, ಅಂಥ ದಿನಗಳಲ್ಲಿ ಕೊಳ್ಳುವ ಹೆಚ್ಚುವರಿ ಡೇಟಾ ಪ್ಯಾಕ್‌ನ ಬೆಲೆಯನ್ನು ಮಾಸಿಕ ವೆಚ್ಚಕ್ಕೆ ಸೇರಿಸಬೇಕು.