ವಿಕ್ಸ್ 21 ಎಂದಾಗ ನಿಫ್ಟಿ ಎಷ್ಟು ಅಲುಗಬಹುದು?

2024ರ ಜೂನ್ 3ರ ಸೋಮವಾರ ಷೇರುಪೇಟೆಯಲ್ಲಿ ಹಬ್ಬದ ಕಳೆ ಇತ್ತು. ಶನಿವಾರ ಸಂಜೆ ಹೊರಬಿದ್ದ ಮತಗಟ್ಟೆ ಸಮೀಕ್ಷೆಗಳು ಆಡಳಿತ ಪಕ್ಷಕ್ಕೆ ದೊಡ್ಡ ಬಹುಮತ ಸಿಗಲಿದೆ ಎಂದಿದ್ದವು. ನಿಫ್ಟಿ ಒಂದೇ ದಿನ ಶೇ 3ಕ್ಕಿಂತ ಹೆಚ್ಚು ಏರಿ 23,264ರ ಹತ್ತಿರ ನಿಂತಿತು. ಅದೇ ದಿನ ಇಂಡಿಯಾ ವಿಕ್ಸ್ 25ರ ಆಸುಪಾಸಿನಿಂದ 21ಕ್ಕೆ ಇಳಿಯಿತು. ವಿಕ್ಸ್ ಇಳಿದರೆ ಭಯ ಕಡಿಮೆಯಾಯಿತೆಂದು ಅರ್ಥ ಮಾಡಿಕೊಂಡು ಹಲವರು ನಿರಾಳರಾದರು. ಮರುದಿನ ಮತ ಎಣಿಕೆ. ನಿಫ್ಟಿ 1,379 ಅಂಶ ಕುಸಿದು 21,884ಕ್ಕೆ ಮುಕ್ತಾಯವಾಯಿತು. ದಿನದ ನಡುವೆ 21,281ರವರೆಗೂ ಹೋಗಿ ಬಂದಿತ್ತು.

ಹಾಗಾದರೆ ವಿಕ್ಸ್ ಸುಳ್ಳು ಹೇಳಿತೇ? ಇಲ್ಲ. ಆ 21ರೊಳಗೆ ಮರುದಿನದ ಸುದ್ದಿ ಬಹುಮಟ್ಟಿಗೆ ಇತ್ತು, ಓದುವ ಕ್ರಮ ಮಾತ್ರ ಬೇರೆಯಾಗಬೇಕಿತ್ತು.

ಈ ಅಂಕಿ ಹುಟ್ಟುವುದು ಯಾವ ಪಂಡಿತರ ಭವಿಷ್ಯವಾಣಿಯಿಂದಲೂ ಅಲ್ಲ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 2008ರಿಂದ ಇದನ್ನು ಪ್ರಕಟಿಸುತ್ತಿದೆ. ವಿಧಾನ ಮಾತ್ರ ಷಿಕಾಗೊ ವಿನಿಮಯ ಕೇಂದ್ರದ್ದು. ನಿಫ್ಟಿಯ ಕಾಲ್ ಮತ್ತು ಪುಟ್ ಆಪ್ಷನ್‌ಗಳಿಗೆ ಜನ ಎಷ್ಟು ಬೆಲೆ ಕೇಳುತ್ತಿದ್ದಾರೆ, ಎಷ್ಟು ಕೊಡಲು ಸಿದ್ಧರಿದ್ದಾರೆ ಎಂಬುದನ್ನು ನೋಡಿ, ಮುಂದಿನ 30 ದಿನ ನಿಫ್ಟಿ ಎಷ್ಟು ಅಲುಗಬಹುದು ಎಂದು ಆ ಬೆಲೆಗಳು ಒಪ್ಪಿಕೊಂಡಿವೆಯೋ ಅದನ್ನು ಹಿಂಡಿ ತೆಗೆಯುತ್ತಾರೆ. ಆಪ್ಷನ್ ಎಂದರೆ ಒಂದು ಬಗೆಯ ವಿಮೆ. ಚಂಡಮಾರುತದ ಮುನ್ಸೂಚನೆ ಬಂದ ಊರಿನಲ್ಲಿ ವಿಮೆ ದುಬಾರಿಯಾಗುವಂತೆ, ಗಲಿಬಿಲಿಯ ಕಾಲದಲ್ಲಿ ಆಪ್ಷನ್ ಪ್ರೀಮಿಯಂ ಏರುತ್ತದೆ, ಅದರೊಂದಿಗೆ ವಿಕ್ಸ್ ಕೂಡ. ಪೇಟೆ ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಎಂಬುದು ಅದರಲ್ಲಿ ಇಲ್ಲ. ಸಾಮಾನ್ಯವಾಗಿ ನಿಫ್ಟಿ ಬಿದ್ದಾಗ ವಿಕ್ಸ್ ಏರುತ್ತದೆ ನಿಜ, ಆದರೆ 2024ರ ಮೇ ತಿಂಗಳಲ್ಲಿ ನಿಫ್ಟಿ ಹೊಸ ಎತ್ತರ ಮುಟ್ಟುತ್ತಿದ್ದಾಗಲೇ ವಿಕ್ಸ್ ಕೂಡ ಮೇಲೇರುತ್ತಿತ್ತು. ಚುನಾವಣೆ ಹತ್ತಿರವಾಗುತ್ತಿತ್ತಲ್ಲ, ಅದಕ್ಕೆ.

ವಿಕ್ಸ್ ಅನ್ನು ಹೇಳುವುದು ವಾರ್ಷಿಕ ಶೇಕಡಾವಾರಿನಲ್ಲಿ. 21 ಎಂದರೆ, ಈಗಿನ ಗಲಿಬಿಲಿ ಇಡೀ ವರ್ಷ ಹೀಗೇ ಮುಂದುವರಿದರೆ ನಿಫ್ಟಿ ವರ್ಷದ ಕೊನೆಗೆ ಇವತ್ತಿನ ಮಟ್ಟದಿಂದ ಶೇ 21ರ ಒಳಗೆ, ಮೇಲೋ ಕೆಳಗೋ, ಇರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ವರ್ಷದ ಲೆಕ್ಕ ಯಾರಿಗೆ ಬೇಕು, ನಮಗೆ ನಾಳೆಯದು ಬೇಕು. ವರ್ಷದಲ್ಲಿ ಸುಮಾರು 252 ವಹಿವಾಟಿನ ದಿನ ಇರುತ್ತವೆ. ಆದರೆ 252ರಿಂದ ಭಾಗಿಸುವಂತಿಲ್ಲ. ಇವತ್ತಿನ ಏರಿಕೆ ನಾಳಿನ ಇಳಿಕೆಯಲ್ಲಿ ಒಂದಿಷ್ಟು ಕರಗಿಹೋಗುವುದರಿಂದ ಏರಿಳಿತ ದಿನಗಳ ಲೆಕ್ಕದಲ್ಲಿ ಬೆಳೆಯುವುದಿಲ್ಲ, ದಿನಗಳ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. 252ರ ವರ್ಗಮೂಲ 16ರ ಹತ್ತಿರ. ಹಾಗಾಗಿ ವಿಕ್ಸ್ ಅನ್ನು 16ರಿಂದ ಭಾಗಿಸಿದರೆ ಒಂದು ದಿನದ ಸಾಧಾರಣ ಏರಿಳಿತ ಸಿಗುತ್ತದೆ, ತಿಂಗಳಿಗಾದರೆ ಮೂರೂವರೆಯಿಂದ. ವಿಕ್ಸ್ 16 ಇದ್ದರೆ ದಿನಕ್ಕೆ ಶೇ 1. ಪೇಟೆಯವರು ಬಾಯಿಲೆಕ್ಕದಲ್ಲೇ ಮಾಡುವ ಭಾಗಾಕಾರ ಇದು.

ಜೂನ್ 3ರ ಸಂಜೆ ಈ ಬಾಯಿಲೆಕ್ಕ ಕೈಕೊಟ್ಟದ್ದು ಹೇಗೆ ಎಂದು ನೋಡೋಣ. ಹತ್ತು ಲಕ್ಷ ರೂಪಾಯಿ ಬಂಡವಾಳದ ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಒಂದು ಸಾಧಾರಣ ದಿನದಲ್ಲಿ 30,000 ರೂಪಾಯಿಗಿಂತ, ಅಂದರೆ ಬಂಡವಾಳದ ಶೇ 3ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂಬುದು ಅವನ ನಿಯಮ. ಆಗ ನಿಫ್ಟಿ ಫ್ಯೂಚರ್‌ನ ಒಂದು ಲಾಟ್ 25. ವಿಕ್ಸ್ 21 ಅನ್ನು 16ರಿಂದ ಭಾಗಿಸಿದರೆ ಶೇ 1.3, ಅಂದರೆ ಸುಮಾರು 305 ಅಂಶ. ಒಂದು ಲಾಟ್‌ಗೆ ಏಳೂವರೆ ಸಾವಿರ ರೂಪಾಯಿ. ನಾಲ್ಕು ಲಾಟ್ ಕೊಂಡರೆ 30,000ದ ಆಸುಪಾಸು, ನಿಯಮದ ಒಳಗೇ ಇದ್ದಂತೆ ಕಾಣುತ್ತದೆ. ಮರುದಿನ ಸಂಜೆ ಆ ನಾಲ್ಕು ಲಾಟ್‌ಗಳ ನಷ್ಟ ಸುಮಾರು 1,38,000 ರೂಪಾಯಿ. ದಿನದ ಕನಿಷ್ಠ ಮಟ್ಟದಲ್ಲಿ ಹೆದರಿ ಮಾರಿದ್ದರೆ ಎರಡು ಲಕ್ಷದ ಹತ್ತಿರ.

ತಪ್ಪು ಎಲ್ಲಿ? 16ರಿಂದ ಭಾಗಿಸುವಾಗ, ಮುಂದಿನ ತಿಂಗಳ ಎಲ್ಲ ದಿನಗಳೂ ಒಂದೇ ಬಗೆಯವು ಎಂದು ನಾವು ಸದ್ದಿಲ್ಲದೆ ಒಪ್ಪಿಕೊಂಡಿರುತ್ತೇವೆ. ಜೂನ್ 4 ಬೇರೆ ದಿನಗಳ ಹಾಗಿರಲಿಲ್ಲ. ವಿಕ್ಸ್ 21ಕ್ಕೆ ಏರಿದ್ದೇ ಆ ಒಂದು ದಿನದ ಸಲುವಾಗಿ. ಉಳಿದ ಇಪ್ಪತ್ತು ದಿನ ಪೇಟೆ ಮಾಮೂಲಾಗಿ ಇರುತ್ತದೆ ಎಂದೇ ಆಪ್ಷನ್ ಕೊಂಡವರ ಎಣಿಕೆ. ಹಾಗಾದರೆ ಆ ಒಂದು ದಿನಕ್ಕೆ ಎಷ್ಟು ಪಾಲು ಎಂದು ಬಿಡಿಸಿ ನೋಡಬೇಕು.

ಬಿಡಿಸುವುದು ಕಷ್ಟವಲ್ಲ, ಏರಿಳಿತಗಳನ್ನು ನೇರವಾಗಿ ಕೂಡದೆ ವರ್ಗ ಮಾಡಿ ಕೂಡಬೇಕು ಎಂಬುದೊಂದನ್ನು ನೆನಪಿಟ್ಟುಕೊಂಡರೆ ಸಾಕು. ವಿಕ್ಸ್ 21 ಇದ್ದರೆ ತಿಂಗಳ ಏರಿಳಿತ ಶೇ 6ಕ್ಕೆ ಸ್ವಲ್ಪ ಹೆಚ್ಚು. ಅದರ ವರ್ಗ ಸುಮಾರು 36.7. ಗಲಾಟೆ ಇಲ್ಲದ ದಿನಗಳಿಗೆ ವಿಕ್ಸ್ 13 ಎಂದು ಇಟ್ಟುಕೊಳ್ಳೋಣ. ಆಗ ದಿನಕ್ಕೆ ಶೇ 0.82, ವರ್ಗ 0.67, ಇಪ್ಪತ್ತು ದಿನಕ್ಕೆ 13.4. ಇದನ್ನು 36.7ರಿಂದ ಕಳೆದರೆ 23.3 ಉಳಿಯಿತು. ಅದರ ವರ್ಗಮೂಲ 4.8. ಮತ ಎಣಿಕೆಯ ದಿನವೊಂದಕ್ಕೇ ಪೇಟೆ ಶೇ 5ರ ಹತ್ತಿರದ ಅಲುಗಾಟಕ್ಕೆ ಬೆಲೆ ಕಟ್ಟಿತ್ತು! ಮಾಮೂಲು ದಿನದ ವಿಕ್ಸ್ 13 ಎಂಬುದು ನಮ್ಮ ಊಹೆ ತಾನೇ ಎಂದು ಯಾರಾದರೂ ಆಕ್ಷೇಪಿಸಬಹುದು. ಸರಿಯೇ. 11 ಎಂದು ಇಟ್ಟರೆ ಉತ್ತರ 5.2, 15 ಎಂದರೆ 4.3. ಯಾವುದನ್ನು ಹಿಡಿದರೂ 1.3ರ ಹತ್ತಿರಕ್ಕೂ ಬರುವುದಿಲ್ಲ.

ನಿಫ್ಟಿ ನಿಜಕ್ಕೂ ಕುಸಿದದ್ದು ಶೇ 5.9. ಸಾಧಾರಣ ಅಂದಾಜಿಗಿಂತ ಒಂದಿಷ್ಟು ಹೆಚ್ಚು, ಆದರೆ ಆಕಾಶದಿಂದ ಬಿದ್ದದ್ದೇನಲ್ಲ. ನಮ್ಮ ವ್ಯಾಪಾರಿ ಶೇ 4.8 ಹಿಡಿದು ಲೆಕ್ಕ ಹಾಕಿದ್ದರೆ ಒಂದು ಲಾಟ್‌ಗೇ 28,000 ರೂಪಾಯಿ ಆಚೀಚೆ ಕಾಣುತ್ತಿತ್ತು. ಒಂದೇ ಲಾಟ್ ಹಿಡಿಯುತ್ತಿದ್ದ, ಕಳೆದುಕೊಳ್ಳುತ್ತಿದ್ದದ್ದು 34,500. ನಿಯಮ ಸ್ವಲ್ಪ ಮೀರಿತು, ಬಂಡವಾಳ ಉಳಿಯಿತು. ಬಜೆಟ್, ರಿಸರ್ವ್ ಬ್ಯಾಂಕಿನ ನೀತಿ ಪ್ರಕಟಣೆ, ಎಣಿಕೆಯ ದಿನ, ಹೀಗೆ ದಿನಾಂಕ ಮೊದಲೇ ಗೊತ್ತಿರುವ ಯಾವ ಸಂದರ್ಭಕ್ಕೂ ಈ ಲೆಕ್ಕ ಒಗ್ಗುತ್ತದೆ. ವಿಕ್ಸ್ ಮಾಮೂಲಿಗಿಂತ ಕೆಲವೇ ಅಂಶ ಮೇಲಿದ್ದರೂ ಆ ಹೆಚ್ಚುವರಿಯೆಲ್ಲ ಒಂದೇ ದಿನದ ತಲೆಯ ಮೇಲೆ ಕುಳಿತಿರಬಹುದು.

ಆ ದಿನ ಕಳೆದ ಮೇಲೆ ಆಗುವುದೂ ಇದರಿಂದಲೇ ಅರ್ಥವಾಗುತ್ತದೆ. ಜೂನ್ 5ರಂದು ನಿಫ್ಟಿ 735 ಅಂಶ ಜಿಗಿಯಿತು, ವಿಕ್ಸ್ ಮಾತ್ರ 27ರ ಆಸುಪಾಸಿನಿಂದ 19ರ ಕೆಳಕ್ಕೆ ಇಳಿಯಿತು. ದುಬಾರಿ ದಿನ ಲೆಕ್ಕದಿಂದ ಹೊರಗೆ ಹೋಯಿತು, ಅಷ್ಟೆ. ದಿಕ್ಕನ್ನು ಸರಿಯಾಗಿ ಊಹಿಸಿ ಆಪ್ಷನ್ ಕೊಂಡವರೂ ಇಂಥ ದಿನ ಎಣಿಸಿದಷ್ಟು ಲಾಭ ಕಾಣದೆ ಗೊಣಗುವುದು ಇದೇ ಕಾರಣಕ್ಕೆ. ಅವರು ಕೊಟ್ಟ ಪ್ರೀಮಿಯಂನಲ್ಲಿದ್ದ ಗಾಬರಿಯ ಪಾಲು ಕರಗಿರುತ್ತದೆ.

ದಿನಾಂಕ ಗೊತ್ತಿರುವ ಅಪಾಯದ ಮಾತಾಯಿತು. ಗೊತ್ತಿಲ್ಲದ್ದು ಬಂದರೆ ವಿಕ್ಸ್ ಏನು ಮಾಡುತ್ತದೆ? 2025ರ ಏಪ್ರಿಲ್ 4, ಶುಕ್ರವಾರ. ಅಮೆರಿಕ ಜಗತ್ತಿನ ಮೇಲೆಲ್ಲ ಸುಂಕ ಘೋಷಿಸಿ ಎರಡು ದಿನವಾಗಿತ್ತು. ಆದರೂ ನಮ್ಮ ವಿಕ್ಸ್ 13.76ರಲ್ಲಿ ಮುಕ್ತಾಯವಾಯಿತು, ಏನೂ ಆಗಿಲ್ಲವೆಂಬಂತೆ. ಅಂದು ನಮ್ಮ ಪೇಟೆ ಬಾಗಿಲು ಹಾಕಿದ ಮೇಲೆ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಶೇ 6ರಷ್ಟು ಕುಸಿಯಿತು, ಅಲ್ಲಿಯ ವಿಕ್ಸ್ 45 ದಾಟಿತು. ನಮ್ಮದಕ್ಕೆ ಅದನ್ನೆಲ್ಲ ಕೇಳಿಸಿಕೊಳ್ಳಲು ಕಿವಿ ತೆರೆದದ್ದೇ ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ನಿಫ್ಟಿ 22,904ರಿಂದ 21,758ಕ್ಕೆ, 1,146 ಅಂಶ ಕೆಳಗೇ ಬಾಗಿಲು ತೆರೆಯಿತು. ಸಂಜೆಗೆ ವಿಕ್ಸ್ 22.79. ಟಿವಿಯಲ್ಲಿ ‘ವಿಕ್ಸ್ ಶೇ 65 ಏರಿಕೆ’ ಎಂದು ಓಡಿದ ಸಾಲು ಇದನ್ನೇ ಹೇಳುತ್ತಿತ್ತು. ಅದನ್ನು ವಿಕ್ಸ್ 65 ಎಂದು ಓದಿ ಬೆಚ್ಚಿಬಿದ್ದವರೂ ಇದ್ದಿರಬೇಕು.

ಅಷ್ಟರಲ್ಲಿ ಲಾಟ್ 75ಕ್ಕೆ ಏರಿತ್ತು. ಅದೇ ವ್ಯಾಪಾರಿ ಶುಕ್ರವಾರ 13.76ನ್ನು 16ರಿಂದ ಭಾಗಿಸಿದ್ದರೆ ಶೇ 0.86, ಲಾಟ್‌ಗೆ 15,000 ರೂಪಾಯಿಯ ಒಳಗೆ. ಎರಡು ಲಾಟ್ ಹಿಡಿಯಬಹುದು. ಸೋಮವಾರ ಬಾಗಿಲು ತೆರೆದ ಕ್ಷಣಕ್ಕೆ ಅವನ ಲೆಕ್ಕದಲ್ಲಿ 1,72,000 ರೂಪಾಯಿ ಕೊರತೆ. 22,700ಕ್ಕೆ ಸ್ಟಾಪ್‌ಲಾಸ್ ಹಾಕಿದ್ದರೂ ಪ್ರಯೋಜನವಿಲ್ಲ. ಬೆಲೆ ಆ ಮೆಟ್ಟಿಲನ್ನು ತುಳಿಯದೆಯೇ ಕೆಳಕ್ಕೆ ಹಾರಿತ್ತು.

ಇಲ್ಲಿಂದ ನನಗೆ ಕಾಣುವುದು ಇಷ್ಟು: ವಿಕ್ಸ್ ಏರಿದಾಗ ಲಾಟ್ ಇಳಿಸಬೇಕು ಎಂಬ ಮಾತು ಸರಿ, ವಿಕ್ಸ್ ಇಳಿದಾಗ ಲಾಟ್ ಏರಿಸಬಹುದು ಎಂಬ ಅದರ ಮಗ್ಗುಲು ಮಾತ್ರ ಅಪಾಯಕಾರಿ. ವಿಕ್ಸ್ 11 ಇದ್ದಾಗ ಲೆಕ್ಕದ ಪ್ರಕಾರ 22 ಇದ್ದಾಗಿನ ಎರಡರಷ್ಟು ಹಿಡಿಯಬಹುದು. ಆದರೆ ದೊಡ್ಡ ಹೊಡೆತಗಳು ಹಲವು ಸಲ ಇಂಥ ತಣ್ಣನೆಯ ದಿನಗಳಿಂದಲೇ ಶುರುವಾಗುತ್ತವೆ. 2018ರ ಫೆಬ್ರುವರಿ 5ರಂದು ಅಮೆರಿಕದ ವಿಕ್ಸ್ ಒಂದೇ ದಿನ 17ರಿಂದ 37ಕ್ಕೆ ಹಾರಿದಾಗ, ಶಾಂತಿ ಮುಂದುವರಿಯುತ್ತದೆ ಎಂಬುದರ ಮೇಲೆಯೇ ಕಟ್ಟಿದ ಒಂದು ಹೂಡಿಕೆ ಸಾಧನ ಹೇಳಹೆಸರಿಲ್ಲದಂತೆ ಮುಚ್ಚಿಹೋಯಿತು.

ಹಾಗಾಗಿ ಎರಡು ಅಂಕಿಗಳನ್ನು ಕೈಯಲ್ಲಿಟ್ಟುಕೊಳ್ಳುವುದು ಲೇಸು. ಒಂದು, ಲಾಟ್ ಲೆಕ್ಕಕ್ಕೆ ವಿಕ್ಸ್‌ನ ಕನಿಷ್ಠ ಮಿತಿ. ಪರದೆಯ ಮೇಲೆ 12 ಇರಲಿ, 13.76 ಇರಲಿ, 18ಕ್ಕಿಂತ ಕಡಿಮೆ ಹಿಡಿಯುವುದಿಲ್ಲ ಎಂದುಕೊಂಡರೆ ಏಪ್ರಿಲ್ 4ರಂದು ಲಾಟ್‌ಗೆ 19,000 ರೂಪಾಯಿ ದಾಟುತ್ತಿತ್ತು, ಹಿಡಿಯಬಹುದಾದದ್ದು ಒಂದೇ ಲಾಟ್. 18 ಶಾಸ್ತ್ರವಾಕ್ಯವಲ್ಲ, ಎರಡು ಇಳಿಸಿದರೂ ಏರಿಸಿದರೂ ತಪ್ಪಿಲ್ಲ, ದಿನ ನೋಡಿ ಬದಲಿಸುತ್ತಿರಬಾರದು ಅಷ್ಟೆ. ಇನ್ನೊಂದು ಅಂಕಿಗೆ ವಿಕ್ಸ್‌ನ ಹಂಗೇ ಇಲ್ಲ. ನಾಳೆ ಬೆಳಿಗ್ಗೆ ನಿಫ್ಟಿ ಶೇ 5 ಕೆಳಗೇ ತೆರೆದರೆ ನನ್ನ ಬಳಿ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದು. ಆ ಮಟ್ಟದಲ್ಲಿ, 75ರ ಲಾಟ್‌ಗೆ, ಒಂದೊಂದಕ್ಕೂ 86,000 ರೂಪಾಯಿ. ಆ ಮೊತ್ತ ಕೇಳಿ ನಿದ್ದೆ ಕೆಡುವುದಾದರೆ ಲಾಟ್ ಹೆಚ್ಚಾಯಿತು, ಇಲ್ಲವೇ ಜೊತೆಗೊಂದು ಪುಟ್ ಕೊಳ್ಳಬೇಕು. ವಿಕ್ಸ್ ಕಡಿಮೆ ಇದ್ದಾಗ ಆ ಪುಟ್ ಅಗ್ಗಕ್ಕೆ ಸಿಗುತ್ತದೆ ಎಂಬುದು ತಣ್ಣನೆಯ ದಿನಗಳ ನಿಜವಾದ ಅನುಕೂಲ.

ಇಳಿಸಿದ ಲಾಟ್ ಮತ್ತೆ ಏರಿಸುವುದು ಯಾವಾಗ? ಜೋರು ಏರಿಳಿತದ ನಂತರ ವಿಕ್ಸ್ ಬೇಗ ಇಳಿಯುತ್ತದೆ, ಪೇಟೆ ಅಷ್ಟು ಬೇಗ ತಣ್ಣಗಾಗದೆಯೂ ಇರಬಹುದು. ಹಿಂದಿನ ಹತ್ತು ದಿನಗಳ ಮುಕ್ತಾಯದ ಬೆಲೆಗಳನ್ನು ಬರೆದುಕೊಂಡು, ಪ್ರತಿದಿನ ನಿಫ್ಟಿ ಎಷ್ಟು ಶೇಕಡ ಅಲುಗಿತು, ಹಿಂದಿನ ಸಂಜೆಯ ವಿಕ್ಸ್ 16ರಲ್ಲಿ ಭಾಗಿಸಿದಾಗ ಎಷ್ಟು ಬಂದಿತ್ತು ಎಂದು ಅಕ್ಕಪಕ್ಕ ಇಟ್ಟು ನೋಡಿ. ಹತ್ತರಲ್ಲಿ ಮೂರು ದಿನ ಅಂದಾಜು ಮೀರುವುದು ಸಹಜ, ಮೂರರಲ್ಲಿ ಎರಡು ಪಾಲು ಎಂಬುದರ ಅರ್ಥವೇ ಅದು. ಐದಾರು ದಿನ ಮೀರಿದ್ದರೆ ವಿಕ್ಸ್ ಪೇಟೆಗಿಂತ ಹಿಂದೆ ಬಿದ್ದಿದೆ ಎಂದು ತಿಳಿದು, ಇನ್ನೊಂದು ವಾರ ಇದ್ದ ಲಾಟ್‌ನಲ್ಲೇ ಇರಬೇಕು.