‘ತೀರ್ಮಾನಿಸಲಾಯಿತು’ ಎಂದರೆ ಮಾಡುವವರು ಯಾರು?

ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರ ಕೋಣೆಯ ಬೀರುವಿನಲ್ಲಿ ಗಟ್ಟಿ ರಟ್ಟಿನ ಉದ್ದನೆಯ ಪುಸ್ತಕವೊಂದು ಇರುತ್ತದೆ. ಅದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ನಡವಳಿ ಪುಸ್ತಕ. ಸಭೆ ಮುಗಿದ ಮೇಲೆ ಅದು ಕೈಯಿಂದ ಕೈಗೆ ದಾಟುತ್ತದೆ. ಬಸ್ಸಿಗೆ ಹೊತ್ತಾದವರು, ಹಾಲು ಕರೆಯಲು ಹೋಗಬೇಕಾದವರು ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಎದ್ದು ಹೋಗುತ್ತಾರೆ. ಬರೆದದ್ದನ್ನು ಓದಿ ಸಹಿ ಹಾಕುವವರು ಕಡಿಮೆ.

ಆದರೆ ಅದು ಓದಲೆಂದೇ ಇರುವ ಪುಸ್ತಕ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಇಂಥ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿ ಅಥವಾ ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಸಮಿತಿ ತಿಂಗಳಿಗೊಮ್ಮೆಯಾದರೂ ಸೇರಬೇಕು, ಅದರ ನಡವಳಿ ಮತ್ತು ತೀರ್ಮಾನಗಳನ್ನು ಸರಿಯಾಗಿ ದಾಖಲಿಸಿ ಸಾರ್ವಜನಿಕರಿಗೆ ಸಿಗುವಂತೆ ಇಡಬೇಕು ಎಂದು ಕಾಯ್ದೆಯಡಿ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ನಿಯಮಗಳು ಹೇಳುತ್ತವೆ. ‘ಸರಿಯಾಗಿ’ ಎಂಬ ಮಾತನ್ನು ಅಳೆಯುವುದು ಹೇಗೆ? ನಾಲ್ಕು ಪ್ರಶ್ನೆ ಸಾಕು. ಸಭೆ ಯಾವತ್ತು ನಡೆಯಿತು? ಯಾರು ಯಾರು ಇದ್ದರು? ಏನು ತೀರ್ಮಾನವಾಯಿತು? ಪ್ರತಿ ತೀರ್ಮಾನದ ಹೊಣೆ ಯಾರದು?

ಪರಿಶೀಲನೆಯನ್ನು ಒಂದು ಪುಟದ ಮೇಲೆ ಮಾಡಿ ನೋಡೋಣ. ಕೆಳಗಿನದು ಇದಕ್ಕಾಗಿಯೇ ಬರೆದುಕೊಂಡ ಮಾದರಿ. ಆದರೆ ಇದರ ಒಂದೊಂದು ವಾಕ್ಯವೂ ನಡವಳಿ ಪುಸ್ತಕ ತೆರೆದವರಿಗೆಲ್ಲ ಪರಿಚಿತ.

“ದಿನಾಂಕ 12-07 ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಶಾಲಾ ಆವರಣದಲ್ಲಿ ಎಸ್‌ಡಿಎಂಸಿ ಸಭೆ ನಡೆಯಿತು. ಅಧ್ಯಕ್ಷರು ಹಾಗೂ 11 ಜನ ಸದಸ್ಯರು ಹಾಜರಿದ್ದರು. ಹೆಣ್ಣುಮಕ್ಕಳ ಶೌಚಾಲಯದ ನೀರಿನ ತೊಂದರೆ ಬಗ್ಗೆ ಚರ್ಚಿಸಲಾಯಿತು. ಹಳೆಯ ನೀರಿನ ಟ್ಯಾಂಕ್ ಬದಲಿಸಲು ತೀರ್ಮಾನಿಸಲಾಯಿತು. ಕಾಂಪೌಂಡ್ ಗೋಡೆಗಾಗಿ ಗ್ರಾಮ ಪಂಚಾಯಿತಿಗೆ ಮನವಿ ಕೊಡಲು ಮುಖ್ಯಶಿಕ್ಷಕರಿಗೆ ತಿಳಿಸಲಾಯಿತು. ಬಿಸಿಯೂಟದ ಬಗ್ಗೆ ಪೋಷಕರು ದೂರಿದರು. ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳಲು ಕೋರಲಾಯಿತು. ವಂದನೆಗಳೊಂದಿಗೆ ಸಭೆ ಮುಕ್ತಾಯವಾಯಿತು.”

ಇದರ ಕೆಳಗೆ ಒಂಬತ್ತು ಸಹಿಗಳಿವೆ, ಒಂದು ಹೆಬ್ಬೆಟ್ಟಿನ ಗುರುತಿದೆ.

ದಿನಾಂಕ

ಮೊದಲ ಸಾಲಿನಲ್ಲೇ ಒಂದು ಕೊರತೆ ಕಾಣುತ್ತದೆ. ದಿನ ಇದೆ, ತಿಂಗಳಿದೆ, ವರ್ಷ ಇಲ್ಲ. ಬರೆದವರಿಗೆ ಅಂದು ಅದು ಬೇಕಾಗಿರಲಿಲ್ಲ. ಎರಡು ವರ್ಷದ ಮೇಲೆ ಪುಟ ತಿರುವುವವರಿಗೆ ಬೇಕು. ಇಲ್ಲಿ ವಾರದ ಹೆಸರು ನೆರವಿಗೆ ಬರುತ್ತದೆ. 2024ರ ಜುಲೈ 12 ಶುಕ್ರವಾರ, 2025ರ ಜುಲೈ 12 ಶನಿವಾರ. ಹಿಂದಿನ ಪುಟದ ಸಭೆ 14-06-2024ರಂದು ನಡೆದಿದ್ದರೆ ಈ ಸಭೆಯೂ 2024ರದ್ದೇ ಇರಬೇಕು ಎನ್ನಲು ಆಧಾರ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗೆಂದು ಪರಿಶೀಲಿಸುವವರು ಪೆನ್ನು ತೆಗೆದು ‘2024’ ಎಂದು ಸೇರಿಸಿಬಿಡಬಾರದು. ‘ವರ್ಷ ಇಲ್ಲ, ವಾರ ಮತ್ತು ಹಿಂದಿನ ಪುಟದ ಪ್ರಕಾರ 2024 ಇರಬಹುದು’ ಎಂದು ಗುರುತು ಮಾಡುವುದಷ್ಟೇ ಅವರ ಕೆಲಸ. ಬರೆದಿರುವುದು ಯಾವುದು, ನಾವು ಊಹಿಸಿದ್ದು ಯಾವುದು ಎಂಬುದು ಬೇರೆ ಬೇರೆಯಾಗಿ ಉಳಿಯಬೇಕು.

ದಿನಾಂಕ ಪೂರ್ತಿ ಇದ್ದಾಗಲೂ ವಾರದೊಡನೆ ಒಮ್ಮೆ ಹೋಲಿಸಿ ನೋಡಿ. ಎರಡೂ ತಾಳೆಯಾಗದಿದ್ದರೆ, ಬಹಳ ಸಲ ನಡವಳಿಯನ್ನು ಬೇರೊಂದು ದಿನ ಕುಳಿತು ಬರೆದಿರುತ್ತಾರೆ, ಆ ದಿನದ ತಾರೀಖು ನುಸುಳಿರುತ್ತದೆ.

ಹಾಜರಿ

ಅಧ್ಯಕ್ಷರು ಮತ್ತು 11 ಸದಸ್ಯರು ಎಂದರೆ 12 ಜನ. ಕೆಳಗಿರುವುದು ಒಂಬತ್ತು ಸಹಿ ಮತ್ತು ಒಂದು ಹೆಬ್ಬೆಟ್ಟು, ಒಟ್ಟು ಹತ್ತು. ಇಬ್ಬರು ಎಲ್ಲಿ? ಸಹಿ ಹಾಕದೆ ಎದ್ದು ಹೋಗಿರಬಹುದು, ಎಣಿಕೆ ತಪ್ಪಿರಬಹುದು, ಸದಸ್ಯರಲ್ಲದವರನ್ನೂ ಸೇರಿಸಿ ಎಣಿಸಿರಬಹುದು. ಈ ಮೂರನೆಯದನ್ನು ವಿಶೇಷವಾಗಿ ನೋಡಬೇಕು. ಸಭೆಗೆ ಪಂಚಾಯಿತಿ ಸದಸ್ಯರೋ ದಾನಿಗಳೋ ಬಂದು ಕೂರುವುದುಂಟು. ಅವರ ಹೆಸರು ‘ಆಹ್ವಾನಿತರು’ ಎಂದು ಬೇರೆಯಾಗಿ ಬರಬೇಕು. ಇಲ್ಲದಿದ್ದರೆ ಕೋರಂ ಇತ್ತೇ ಇಲ್ಲವೇ ಎಂಬ ಲೆಕ್ಕವೇ ಕೆಡುತ್ತದೆ.

ಸಹಿಯೇ ಹೆಸರಲ್ಲ. ಸುರುಳಿ ಸುತ್ತಿದ ಸಹಿಯಿಂದ ಯಾರೆಂದು ತಿಳಿಯುವುದಿಲ್ಲ. ಹೆಬ್ಬೆಟ್ಟಿನ ಪಕ್ಕದಲ್ಲಂತೂ ಹೆಸರು ಬರೆಯದಿದ್ದರೆ ಓದುಗರ ಪಾಲಿಗೆ ಅದೊಂದು ಮಸಿಯ ಗುರುತು ಮಾತ್ರ. ಸಮಿತಿಯ ಸದಸ್ಯರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬೊಬ್ಬರನ್ನೇ ಹೊಂದಿಸಿ, ಹೊಂದದ ಸಹಿಗಳನ್ನು ಗುರುತು ಮಾಡಬೇಕು. ಬಾರದಿದ್ದವರ ಹೆಸರೂ ನಡವಳಿಯಲ್ಲಿದ್ದರೆ ಈ ಹೊಂದಾಣಿಕೆ ಐದು ನಿಮಿಷದ ಕೆಲಸ.

ತೀರ್ಮಾನ

ಮಾದರಿಯಲ್ಲಿ ನಾಲ್ಕು ವಿಷಯಗಳಿವೆ. ತೀರ್ಮಾನಗಳು ಎಷ್ಟು ಎಂದು ಎಣಿಸಿ ನೋಡಿ. ‘ಚರ್ಚಿಸಲಾಯಿತು’ ಎಂಬುದು ತೀರ್ಮಾನವಲ್ಲ. ‘ದೂರಿದರು’ ಎಂಬುದೂ ಅಲ್ಲ. ಟ್ಯಾಂಕ್ ಬದಲಿಸುವುದು ಮತ್ತು ಮನವಿ ಕೊಡುವುದು, ಇವೆರಡೇ ತೀರ್ಮಾನಗಳು. ಶೌಚಾಲಯದ ನೀರಿನ ಚರ್ಚೆಯ ಫಲವೇ ಟ್ಯಾಂಕ್ ಇರಬಹುದು. ಆದರೆ ಪುಟ ಹಾಗೆ ಹೇಳುತ್ತಿಲ್ಲ. ಆ ಟ್ಯಾಂಕ್ ಅಡುಗೆಮನೆಯದೂ ಆಗಿರಬಹುದು. ಆದ್ದರಿಂದ ಶೌಚಾಲಯದ ವಿಷಯಕ್ಕೆ ‘ತೀರ್ಮಾನ ಇಲ್ಲ, ಟ್ಯಾಂಕಿಗೆ ಸಂಬಂಧಿಸಿದ್ದೇ ಎಂದು ಕೇಳಬೇಕು’ ಎಂಬ ಗುರುತು ಬೀಳುತ್ತದೆ.

ಟ್ಯಾಂಕಿನ ತೀರ್ಮಾನವೂ ಅರೆಬರೆ. ಎಷ್ಟು ಲೀಟರಿನದು, ಎಷ್ಟು ಖರ್ಚಿನೊಳಗೆ, ಯಾವ ಹಣದಿಂದ ಎಂಬುದಿಲ್ಲ. ಅಂಗಡಿಗೆ ಹೋದವರು ಮತ್ತೆ ಎಲ್ಲರನ್ನೂ ಕೇಳಬೇಕಾಗುವುದಾದರೆ ಆ ತೀರ್ಮಾನ ಪೂರ್ತಿಯಾಗಿಲ್ಲ ಎಂದೇ ಅರ್ಥ. ಇನ್ನೊಂದು ಮಾತು: ‘ಈ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು’ ಎಂಬುದು ತೀರ್ಮಾನವೇ. ಅದಕ್ಕೆ ‘ಇಲ್ಲ’ ಎಂದು ಗುರುತು ಹಾಕಬಾರದು.

ಹೊಣೆ

ನಾಲ್ಕರಲ್ಲಿ ಅತಿ ಹೆಚ್ಚು ಕಾಣೆಯಾಗುವುದು ಇದು. ಅದಕ್ಕೆ ನಮ್ಮ ಕಚೇರಿ ಕನ್ನಡದ ವಾಕ್ಯರಚನೆಯೂ ಒಂದು ಕಾರಣ. ‘ಲಾಯಿತು’ ಎಂದು ಮುಗಿಯುವ ವಾಕ್ಯದಲ್ಲಿ ಕರ್ತೃ ಇರಲೇಬೇಕಿಲ್ಲ. ‘ಟ್ಯಾಂಕ್ ಬದಲಿಸಲು ತೀರ್ಮಾನಿಸಲಾಯಿತು’ ಎಂಬ ವಾಕ್ಯ ವ್ಯಾಕರಣಕ್ಕೆ ಸರಿ. ಆದರೆ ಟ್ಯಾಂಕ್ ತರುವವರು ಅದರಲ್ಲಿಲ್ಲ. ಆದ್ದರಿಂದ ಪುಟದಲ್ಲಿರುವ ಒಂದೊಂದು ‘ಲಾಯಿತು’ವಿನ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪ್ರತಿ ಗೆರೆಯ ಬಳಿ ನಿಂತು ‘ಮಾಡುವವರು ಯಾರು, ಯಾವತ್ತಿನೊಳಗೆ?’ ಎಂದು ಕೇಳಿ. ಮನವಿಯ ವಾಕ್ಯದಲ್ಲಿ ಮುಖ್ಯಶಿಕ್ಷಕರಿದ್ದಾರೆ, ಗಡುವಿಲ್ಲ. ಬಿಸಿಯೂಟದ ವಾಕ್ಯದಲ್ಲಿ ‘ಸಂಬಂಧಪಟ್ಟವರು’ ಇದ್ದಾರೆ. ಈ ಹೆಸರಿನವರು ಯಾವ ಸಮಿತಿಯಲ್ಲೂ ಇಲ್ಲ. ‘ಎಲ್ಲ ಸದಸ್ಯರು’ ಎಂದು ಬರೆದರೂ ಅಷ್ಟೇ. ಒಂದು ಕೆಲಸಕ್ಕೆ ಒಬ್ಬರ ಹೆಸರೋ ಹುದ್ದೆಯೋ ಇದ್ದರೆ ಮಾತ್ರ ಹೊಣೆ ಇದೆ ಎನ್ನಬೇಕು.

ಗುರುತು ಮಾಡುವ ಬಗೆ

ಟಿಪ್ಪಣಿಯನ್ನು ನಡವಳಿ ಪುಸ್ತಕದೊಳಗೆ ಬರೆಯಬೇಡಿ. ಅದು ಸಹಿಯಾದ ದಾಖಲೆ. ಸಹಿಯ ಮೇಲೆ ಹೊಸ ಅಕ್ಷರ ಕಂಡರೆ ಸರಿಯಿದ್ದ ಭಾಗಕ್ಕೂ ಅನುಮಾನ ಅಂಟುತ್ತದೆ. ಪುಟದ ಜೆರಾಕ್ಸ್ ತೆಗೆದು ಪೆನ್ಸಿಲ್ ಗೆರೆಗಳನ್ನು ಅದರ ಮೇಲೆ ಎಳೆಯಿರಿ, ಬೇರೆ ಹಾಳೆಯಲ್ಲಿ ಪುಟಸಂಖ್ಯೆ ಬರೆದು ‘ಇದೆ’, ‘ಅರೆಬರೆ’, ‘ಇಲ್ಲ’ ಎಂಬ ಮೂರೇ ಗುರುತು ಬಳಸಿ. ನಮ್ಮ ಮಾದರಿಯ ಹಾಳೆ ಹೀಗಿರುತ್ತದೆ:

- ದಿನಾಂಕ: ಅರೆಬರೆ. ವರ್ಷ ಇಲ್ಲ.
- ಹಾಜರಿ: ಅರೆಬರೆ. ಬರೆದದ್ದು 12, ಗುರುತುಗಳು 10. ಹೆಬ್ಬೆಟ್ಟಿಗೆ ಹೆಸರಿಲ್ಲ.
- ಶೌಚಾಲಯದ ನೀರು: ತೀರ್ಮಾನ ಇಲ್ಲ, ಹೊಣೆ ಇಲ್ಲ.
- ಟ್ಯಾಂಕ್: ತೀರ್ಮಾನ ಅರೆಬರೆ, ಹೊಣೆ ಇಲ್ಲ.
- ಕಾಂಪೌಂಡ್ ಮನವಿ: ತೀರ್ಮಾನ ಇದೆ, ಹೊಣೆ ಇದೆ, ಗಡುವು ಇಲ್ಲ.
- ಬಿಸಿಯೂಟ: ತೀರ್ಮಾನ ಇಲ್ಲ, ಹೊಣೆ ಇಲ್ಲ.

‘ನಡವಳಿ ಸರಿಯಿಲ್ಲ’ ಎಂದು ಒಟ್ಟಾಗಿ ಹೇಳಿದರೆ ಬರೆದವರಿಗೆ ಬೇಸರವಾಗುತ್ತದೆಯೇ ಹೊರತು ಏನು ತಿದ್ದಬೇಕೆಂದು ತಿಳಿಯುವುದಿಲ್ಲ. ಈ ಹಾಳೆ ಹಿಡಿದರೆ ಎಲ್ಲಿ ಏನು ಬೇಕೆಂದು ಯಾರಿಗಾದರೂ ಗೊತ್ತಾಗುತ್ತದೆ.

ಎರಡು ಬಗೆಯ ಕೊರತೆ

ಹಾಳೆ ತಯಾರಾದ ಮೇಲೆ ಒಂದು ಭೇದವನ್ನು ಗಮನಿಸಬೇಕು. ಕೆಲವು ಕೊರತೆಗಳು ಬರೆಯುವಾಗ ಬಿಟ್ಟುಹೋದವು. ವರ್ಷ, ಹೆಸರು, ಸಂಖ್ಯೆ ಈ ಬಗೆಯವು. ಸಭೆಯಲ್ಲಿ ಅವು ಇದ್ದವು, ಪುಟಕ್ಕೆ ಇಳಿಯಲಿಲ್ಲ. ಸಭೆ ಕರೆದ ನೋಟಿಸು, ಸಮಿತಿಯ ವಾಟ್ಸ್‌ಆ್ಯಪ್ ಗುಂಪಿನ ಸಂದೇಶ, ಅಂದು ಬಂದವರ ನೆನಪು ಇವುಗಳ ಆಧಾರದ ಮೇಲೆ ಅವನ್ನು ತುಂಬಬಹುದು.

ಇನ್ನು ಕೆಲವು ಕೊರತೆಗಳು ಸಭೆಯಲ್ಲೇ ಬಿಟ್ಟುಹೋದವು. ಟ್ಯಾಂಕ್ ಯಾರು ತರಬೇಕೆಂದು ಅಂದು ಯಾರೂ ಕೇಳಿರದಿದ್ದರೆ, ಸಮಿತಿಯ ಕಾರ್ಯದರ್ಶಿಯಾದ ಮುಖ್ಯಶಿಕ್ಷಕರು ಆಮೇಲೆ ಒಬ್ಬರ ಹೆಸರು ಬರೆದುಕೊಳ್ಳುವುದು ತಿದ್ದುಪಡಿಯಲ್ಲ. ಅದು ಸಭೆ ಮಾಡದ ತೀರ್ಮಾನವನ್ನು ಸಭೆಯ ಹೆಸರಿನಲ್ಲಿ ಬರೆದಂತೆ. ಹೆಸರು ಬಿದ್ದವರು ‘ನನಗೆ ಯಾರೂ ಹೇಳಿಲ್ಲ’ ಎಂದರೆ ಉತ್ತರವಿರುವುದಿಲ್ಲ. ಈ ಬಗೆಯ ಕೊರತೆಯನ್ನು ತುಂಬುವ ಅಧಿಕಾರ ಮುಂದಿನ ಸಭೆಗೆ ಮಾತ್ರ ಇದೆ.

ಎರಡಕ್ಕೂ ಜಾಗ ಈಗಾಗಲೇ ಇದೆ. ಪ್ರತಿ ಸಭೆಯ ಮೊದಲ ವಿಷಯವೇ ‘ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು’. ಅಲ್ಲಿ ಗುರುತಿನ ಹಾಳೆಯನ್ನು ಓದಬೇಕು. ಮೊದಲ ಬಗೆಯದಕ್ಕೆ ‘ಹಿಂದಿನ ನಡವಳಿಯಲ್ಲಿ ವರ್ಷ 2024 ಎಂದು ಓದಿಕೊಳ್ಳತಕ್ಕದ್ದು’ ಎಂಬಂಥ ಒಂದು ಸಾಲು ಹೊಸ ನಡವಳಿಯಲ್ಲಿ ಬಂದರೆ ಸಾಕು, ಹಳೆಯ ಪುಟವನ್ನು ಮುಟ್ಟುವ ಅಗತ್ಯವಿಲ್ಲ. ಎರಡನೆಯ ಬಗೆಯದನ್ನು ಹೊಸದಾಗಿ ಚರ್ಚಿಸಿ ಹೀಗೆ ಬರೆಯಬೇಕು: “ಹೆಣ್ಣುಮಕ್ಕಳ ಶೌಚಾಲಯದ ಒಡೆದ ಟ್ಯಾಂಕಿನ ಬದಲು 1,000 ಲೀಟರಿನ ಹೊಸ ಟ್ಯಾಂಕನ್ನು ಶಾಲಾ ಅನುದಾನದಿಂದ ಕೊಳ್ಳುವುದು. ಹೊಣೆ: ಉಪಾಧ್ಯಕ್ಷರು. ಗಡುವು: 31-08-2024. ಬಿಲ್ಲನ್ನು ಮುಂದಿನ ಸಭೆಯಲ್ಲಿ ಮಂಡಿಸುವುದು.” ಈ ನಾಲ್ಕು ಸಾಲಿನಲ್ಲಿ ‘ಲಾಯಿತು’ ಒಂದೂ ಇಲ್ಲ.

ಈ ಪರಿಶೀಲನೆಗೆ ಒಂದು ಮಿತಿಯಿದೆ. ನಾಲ್ಕೂ ಅಂಗ ತುಂಬಿರುವ ನಡವಳಿಯೂ ಸುಳ್ಳಾಗಿರಬಹುದು. ನಡೆಯದ ಸಭೆಗೆ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿದ್ದರೂ ಪುಟ ಪೂರ್ತಿಯಾಗಿಯೇ ಕಾಣುತ್ತದೆ. ಪುಟ ಪೂರ್ತಿಯಿದೆಯೇ ಎಂದು ಕಾಗದ ನೋಡಿ ಹೇಳಬಹುದು, ನಿಜವೇ ಎಂದು ತಿಳಿಯಲು ಅಂದು ಬಂದಿದ್ದವರನ್ನೇ ಕೇಳಬೇಕು. ಆದರೆ ಕೇಳುವುದಕ್ಕಾದರೂ ಪುಟದಲ್ಲಿ ಅವರ ಹೆಸರುಗಳಿರಬೇಕು.

ಮುಂದಿನ ಸಲ ನಡವಳಿ ಪುಸ್ತಕ ನಿಮ್ಮ ಕೈಗೆ ಬಂದಾಗ, ಬೆರಳು ತೋರಿಸಿದ ಜಾಗಕ್ಕಿಂತ ಮೊದಲು ಮೇಲಿನ ಸಾಲುಗಳನ್ನು ನೋಡಿ. ವರ್ಷವಿಲ್ಲದಿದ್ದರೆ ಅಲ್ಲೇ ಬರೆಸಿ. ‘ಲಾಯಿತು’ ಕಂಡಲ್ಲಿ ‘ಮಾಡುವವರು ಯಾರು?’ ಎಂದು ಕೇಳಿ. ಸಹಿಗಳು ಬೀಳುವ ಮುನ್ನ, ಎಲ್ಲರೂ ಇನ್ನೂ ಕುಳಿತಿರುವಾಗ ಆ ಹೆಸರು ಸಿಗುವುದಕ್ಕೆ ಒಂದು ನಿಮಿಷ ಸಾಕು. ಆಮೇಲಾದರೆ ಒಂದು ತಿಂಗಳು ಕಾಯಬೇಕು, ಅಷ್ಟು ದಿನವೂ ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿರುವುದಿಲ್ಲ.